520, 522, 524: ಮೂಲ ಸರ್ವರ್ ಕೈಕೊಟ್ಟಾಗ ಪ್ರಾಕ್ಸಿ ಹೇಳುವ ಸಂಖ್ಯೆಗಳು

ಬ್ರೌಸರ್ ಒಂದು ಪುಟ ಕೇಳಿದಾಗ ಸರ್ವರ್ ಉತ್ತರದ ಆರಂಭದಲ್ಲೇ ಮೂರಂಕಿಯ ಒಂದು ಸಂಖ್ಯೆಯನ್ನು ಕಳುಹಿಸುತ್ತದೆ. 200 ಬಂದರೆ ಕೆಲಸ ಆಯಿತು, 404 ಬಂದರೆ ಕೇಳಿದ ಪುಟ ಅಲ್ಲಿಲ್ಲ, 500 ಬಂದರೆ ಸರ್ವರ್ ಒಳಗೇ ಏನೋ ಎಡವಟ್ಟಾಗಿದೆ. ಇವುಗಳ ಅರ್ಥ ಯಾರೋ ಒಬ್ಬರ ಇಷ್ಟಕ್ಕೆ ಬಿಟ್ಟದ್ದಲ್ಲ. ಎಚ್‌ಟಿಟಿಪಿಯ ನಿಯಮಗಳನ್ನು ಈಗ 2022ರ ಜೂನ್‌ನಲ್ಲಿ ಹೊರಬಂದ ಆರ್‌ಎಫ್‌ಸಿ 9110 ಎಂಬ ದಾಖಲೆ ಹೇಳುತ್ತದೆ, ಒಪ್ಪಿತ ಸಂಖ್ಯೆಗಳ ಪಟ್ಟಿಯನ್ನು ಐಎಎನ್‌ಎ ಎಂಬ ಸಂಸ್ಥೆ ಇಟ್ಟುಕೊಂಡಿದೆ. ಆ ಪಟ್ಟಿಯಲ್ಲಿ ಐದರಿಂದ ಶುರುವಾಗುವ ಸಂಖ್ಯೆಗಳು 511ಕ್ಕೆ ಮುಗಿಯುತ್ತವೆ. ಆದರೆ ಜನರ ಪರದೆಯ ಮೇಲೆ ಕಾಣಿಸಿಕೊಳ್ಳುವುದು 520, 522, 524. ಪಟ್ಟಿಯಲ್ಲಿಲ್ಲದ ಈ ಸಂಖ್ಯೆಗಳು ಬರುವುದು ಜಾಲತಾಣದ ಸರ್ವರ್‌ನಿಂದಲ್ಲ, ಅದರ ಮುಂದೆ ನಿಂತಿರುವ ಮಧ್ಯವರ್ತಿಯಿಂದ.

ಆ ಮಧ್ಯವರ್ತಿಗೆ ಪ್ರಾಕ್ಸಿ ಎಂದು ಹೆಸರು. ಲೋಕದ ಹಲವು ಊರುಗಳಲ್ಲಿ ಯಂತ್ರಗಳನ್ನಿಟ್ಟು, ಪುಟಗಳ ನಕಲನ್ನು ಓದುಗರ ಹತ್ತಿರದಲ್ಲೇ ಕೂಡಿಟ್ಟು ಹಂಚುವ ದೊಡ್ಡ ಪ್ರಾಕ್ಸಿ ಜಾಲವೇ ಸಿಡಿಎನ್. ಓದುಗರ ಬ್ರೌಸರ್ ಮಾತಾಡುವುದು ಸಿಡಿಎನ್ ಜೊತೆ. ತನ್ನ ಬಳಿ ನಕಲು ಇಲ್ಲದಿದ್ದರೆ ಸಿಡಿಎನ್ ಹಿಂದಿನ ಅಸಲಿ ಯಂತ್ರದ ಹತ್ತಿರ ಹೋಗಿ ಕೇಳಿ ತರುತ್ತದೆ. ಆ ಅಸಲಿ ಯಂತ್ರವೇ ಮೂಲ ಸರ್ವರ್. ಹಾಗಾಗಿ ಒಂದು ಪುಟ ತೆರೆಯುವುದರ ಹಿಂದೆ ಎರಡು ಬೇರೆ ಬೇರೆ ಸಂಭಾಷಣೆಗಳಿರುತ್ತವೆ. ಮೊದಲನೆಯದು ಸರಾಗವಾಗಿ ನಡೆದು ಎರಡನೆಯದು ಕೆಟ್ಟಾಗ ಸಿಡಿಎನ್ ಓದುಗರಿಗೆ ಏನಾದರೂ ಹೇಳಲೇಬೇಕು. ಇದಕ್ಕೆ ಒಪ್ಪಿತ ಪಟ್ಟಿಯಲ್ಲಿರುವುದು ಮುಖ್ಯವಾಗಿ ಎರಡೇ ಸಂಖ್ಯೆ: ಹಿಂದಿನವನಿಂದ ಬಂದ ಉತ್ತರ ಸರಿಯಿಲ್ಲ ಎನ್ನುವ 502, ಹಿಂದಿನವನಿಂದ ಹೊತ್ತಿಗೆ ಸರಿಯಾಗಿ ಉತ್ತರ ಬರಲಿಲ್ಲ ಎನ್ನುವ 504.

ಮೂಲ ಸರ್ವರ್ ನೋಡಿಕೊಳ್ಳುವವರಿಗೆ ಇಷ್ಟು ಸಾಲುವುದಿಲ್ಲ. ಹೊತ್ತಿಗೆ ಉತ್ತರ ಬರಲಿಲ್ಲ ಎಂದರೆ ಯಂತ್ರ ಸತ್ತಿದೆಯೇ, ಫೈರ್‌ವಾಲ್ ಅಡ್ಡ ನಿಂತಿದೆಯೇ, ಅಥವಾ ಯಂತ್ರ ಬದುಕಿದ್ದು ಲೆಕ್ಕ ಹಾಕುತ್ತಲೇ ಕೂತಿದೆಯೇ? ಮೂರಕ್ಕೂ ಮದ್ದು ಬೇರೆ. ಈ ತೊಡಕಿಗೆ ಕ್ಲೌಡ್‌ಫ್ಲೇರ್ ಎಂಬ ಸಿಡಿಎನ್ ತನ್ನದೇ ಸಂಖ್ಯೆಗಳನ್ನು ಮಾಡಿಕೊಂಡಿತು. ಹೆಚ್ಚು ಜನರ ಕಣ್ಣಿಗೆ ಬಿದ್ದಿರುವುದು ಈ 520ರ ಸಾಲೇ. ಬೇರೆ ಕೆಲವು ಸಿಡಿಎನ್‌ಗಳು ಈ ದಾರಿ ಹಿಡಿಯಲಿಲ್ಲ. ಫಾಸ್ಟ್ಲಿ ಒಪ್ಪಿತ ಸಂಖ್ಯೆಯಾದ 503 ಅನ್ನೇ ಕೊಟ್ಟು, ಪಕ್ಕದಲ್ಲಿ `first byte timeout` ಎಂಬಂಥ ಮಾತನ್ನು ಸೇರಿಸುತ್ತದೆ. ಅಲ್ಲಿ ಓದಬೇಕಾದದ್ದು ಸಂಖ್ಯೆಯನ್ನಲ್ಲ, ಆ ಮಾತನ್ನು.

ಪಟ್ಟಿಯಲ್ಲಿಲ್ಲದ ಸಂಖ್ಯೆ ಬಂದರೆ ಬ್ರೌಸರ್ ಕಕ್ಕಾಬಿಕ್ಕಿಯಾಗುವುದಿಲ್ಲ. ಗೊತ್ತಿಲ್ಲದ ಸಂಖ್ಯೆ ಬಂದರೆ ಅದರ ಮೊದಲ ಅಂಕಿಯನ್ನು ನೋಡಿ, ಆ ಕುಟುಂಬದ ಹಿರಿಯನಂತೆ ನಡೆಸಿಕೊಳ್ಳಬೇಕು ಎಂದು ನಿಯಮವೇ ಹೇಳುತ್ತದೆ. 524 ಎಂದರೇನೆಂದು ತಿಳಿಯದ ತಂತ್ರಾಂಶ ಅದನ್ನು 500 ಎಂದೇ ಎಣಿಸುತ್ತದೆ. ತೊಂದರೆ ಇರುವುದು ಬೇರೆ ಕಡೆ. ನೋಂದಣಿ ಇಲ್ಲದ ಸಂಖ್ಯೆಗೆ ಇಬ್ಬರು ಎರಡು ಅರ್ಥ ಕೊಡಬಹುದು. 499 ಅಂಥದ್ದು: ಎಂಜಿನ್‌ಎಕ್ಸ್ ಎಂಬ ಸರ್ವರ್ ತಂತ್ರಾಂಶದ ದಾಖಲೆಯಲ್ಲಿ ಅದರ ಅರ್ಥ ‘ಕೇಳಿದವನು ಕಾಯದೆ ಎದ್ದು ಹೋದ’ ಎಂದು. ಭೂಪಟ ತಂತ್ರಾಂಶವಾದ ಆರ್ಕ್‌ಜಿಐಎಸ್‌ನಲ್ಲಿ ಅದೇ 499ರ ಅರ್ಥ ‘ಒಳಗೆ ಬರಲು ಟೋಕನ್ ಬೇಕು’ ಎಂದು. ಆದ್ದರಿಂದ ಇಂಥ ಸಂಖ್ಯೆ ಕಂಡಾಗ ಮೊದಲ ಪ್ರಶ್ನೆ ‘ಇದರ ಅರ್ಥವೇನು’ ಎಂಬುದಲ್ಲ, ‘ಇದನ್ನು ಹೇಳಿದವರು ಯಾರು’ ಎಂಬುದು.

ಕ್ಲೌಡ್‌ಫ್ಲೇರ್‌ನ ಸಂಖ್ಯೆಗಳನ್ನು ಬಾಯಿಪಾಠ ಮಾಡಬೇಕಾಗಿಲ್ಲ. ಒಬ್ಬರ ಮನೆಗೆ ಹೋಗಿ ಮಾತಾಡಿಸಿ ಬರುವ ಹಂತಗಳ ಕ್ರಮದಲ್ಲೇ ಅವು ಅರ್ಥವಾಗುತ್ತವೆ. ಮೊದಲು ವಿಳಾಸ ಸಿಗಬೇಕು, ಆಮೇಲೆ ದಾರಿ ಇರಬೇಕು, ಬಾಗಿಲು ತಟ್ಟಿದರೆ ಓಗೊಡಬೇಕು, ಗುರುತು ಸರಿ ಕಾಣಬೇಕು, ಕೊನೆಗೆ ಕೇಳಿದ್ದಕ್ಕೆ ಉತ್ತರ ಕೊಡಬೇಕು. ಎಲ್ಲಿ ನಿಂತಿತೋ ಅದಕ್ಕೆ ತಕ್ಕ ಸಂಖ್ಯೆ.

ವಿಳಾಸವೇ ಸಿಗದಿದ್ದರೆ, ಎಂದರೆ ಮೂಲ ಸರ್ವರ್‌ನ ಹೆಸರಿಗೆ ಡಿಎನ್‌ಎಸ್‌ನಲ್ಲಿ ಐಪಿ ಸಂಖ್ಯೆ ಇಲ್ಲದಿದ್ದರೆ, 530 ಬರುತ್ತದೆ. ಆದರೆ ಪುಟದ ಮೇಲೆ ದಪ್ಪಕ್ಷರದಲ್ಲಿ ಕಾಣುವುದು 1016 ಎಂಬ ಇನ್ನೊಂದು ಸಂಖ್ಯೆ. ಇಲ್ಲಿ ನಂಬಬೇಕಾದದ್ದು ನಾಲ್ಕಂಕಿಯದನ್ನು, 530 ಬರೀ ಹೊದಿಕೆ. ವಿಳಾಸ ಸಿಕ್ಕಿ ಅಲ್ಲಿಗೆ ದಾರಿಯೇ ಇಲ್ಲದಿದ್ದರೆ 523. ಇವೆರಡೂ ಅಪರೂಪ. ಹೋಸ್ಟಿಂಗ್ ಬದಲಿಸಿ ಹಳೆಯ ಐಪಿಯನ್ನು ಹಾಗೇ ಬಿಟ್ಟವರಲ್ಲಿ 523 ಕಾಣಿಸಿಕೊಳ್ಳುವುದುಂಟು.

521 ಮತ್ತು 522 ಹಾಗಲ್ಲ, ಅವು ದಿನನಿತ್ಯದವು. ಬಾಗಿಲು ತಟ್ಟಿದ ತಕ್ಷಣ ಒಳಗಿನಿಂದ ‘ಯಾರೂ ಬೇಡ, ಹೋಗು’ ಎಂಬ ಉತ್ತರ ಬಂದರೆ ಅದು 521. ತಟ್ಟಿ ತಟ್ಟಿ ಕಾದರೂ ಹ್ಞೂಂ ಎಂಬ ಸದ್ದೂ ಬಾರದಿದ್ದರೆ 522. ಟಿಸಿಪಿಯ ಭಾಷೆಯಲ್ಲಿ ಮೊದಲನೆಯದು ಸಂಪರ್ಕ ನಿರಾಕರಣೆ, ಎರಡನೆಯದು ಕೈಕುಲುಕಲು ಚಾಚಿದ ಕೈಗೆ ಎದುರು ಕೈ ಬಾರದಿರುವುದು. ಸುಮಾರು 20 ಸೆಕೆಂಡು ನೋಡಿ ಕ್ಲೌಡ್‌ಫ್ಲೇರ್ ವಾಪಸ್ಸಾಗುತ್ತದೆ. 521 ಪುಟದ ತಲೆಬರಹ ‘ವೆಬ್ ಸರ್ವರ್ ನಿಂತಿದೆ’ ಎಂದು ಹೇಳುತ್ತದೆ. ಆ ತಲೆಬರಹ ಎಷ್ಟೋ ಜನರ ದಾರಿ ತಪ್ಪಿಸಿದೆ. ಸರ್ವರ್ ತಂತ್ರಾಂಶ ನಿಂತುಹೋದಾಗ 521 ಬರುವುದು ನಿಜ. ಆದರೆ ಸರ್ವರ್ ಚೆನ್ನಾಗಿಯೇ ಓಡುತ್ತಿದ್ದು ಫೈರ್‌ವಾಲ್ ಮಾತ್ರ ಸಿಡಿಎನ್‌ಗೆ ‘ಹೋಗು’ ಎಂದರೂ ಬರುವುದು ಅದೇ ಸಂಖ್ಯೆ.

ಫೈರ್‌ವಾಲ್ ಹೀಗೆ ಸಿಡಿಎನ್ ಮೇಲೆ ಮುನಿಸಿಕೊಳ್ಳುವುದಕ್ಕೆ ಕಾರಣವಿದೆ. ಪ್ರಾಕ್ಸಿ ಮುಂದೆ ನಿಂತ ಮೇಲೆ ಸಾವಿರಾರು ಓದುಗರ ಕೋರಿಕೆಗಳು ಮೂಲ ಸರ್ವರ್‌ಗೆ ಸಿಡಿಎನ್‌ನ ಕೆಲವೇ ಐಪಿಗಳಿಂದ ಬರುತ್ತವೆ. `fail2ban` ತರಹದ ಕಾವಲು ತಂತ್ರಾಂಶಕ್ಕೆ ಇದು ಒಬ್ಬನೇ ಆಸಾಮಿ ನೂರು ಸಲ ಬಾಗಿಲು ಒದೆಯುತ್ತಿರುವಂತೆ ಕಾಣುತ್ತದೆ. ಯಾರೋ ಒಬ್ಬ ತಪ್ಪು ಪಾಸ್‌ವರ್ಡ್ ಹಾಕುತ್ತಾ ಕೂತರೆ ನಿರ್ಬಂಧ ಬೀಳುವುದು ಅವನ ಮೇಲಲ್ಲ, ಅವನನ್ನು ಹೊತ್ತು ತಂದ ಸಿಡಿಎನ್ ಐಪಿಯ ಮೇಲೆ. ಆ ಐಪಿಯ ಮೂಲಕ ಬರುವ ಉಳಿದ ಓದುಗರೂ ಹೊರಗುಳಿಯುತ್ತಾರೆ. ಆಗ ಫೈರ್‌ವಾಲ್ ನಿಯಮ `REJECT` ಎಂದಿದ್ದರೆ ಸಾಮಾನ್ಯವಾಗಿ 521, `DROP` ಎಂದಿದ್ದರೆ 522. ಒಂದೇ ರೋಗ, ಬಾಗಿಲಲ್ಲಿ ಬೈದು ಕಳಿಸುವ ಮನೆಯಲ್ಲಿ ಒಂದು ಸಂಖ್ಯೆ, ಸುಮ್ಮನೆ ಕೂರುವ ಮನೆಯಲ್ಲಿ ಇನ್ನೊಂದು.

ಈ ದೋಷದ ಇನ್ನೊಂದು ಗುರುತು, ಅದು ಎಲ್ಲರಿಗೂ ಒಂದೇ ಹೊತ್ತಿಗೆ ಕಾಣಿಸುವುದಿಲ್ಲ. ನಿರ್ಬಂಧ ಬಿದ್ದದ್ದು ಒಂದು ಊರಿನ ಸಿಡಿಎನ್ ಯಂತ್ರದ ಐಪಿಗೆ ಮಾತ್ರ ಇರಬಹುದು. ಕ್ಲೌಡ್‌ಫ್ಲೇರ್ ಕಳಿಸುವ ಪ್ರತಿ ಉತ್ತರದಲ್ಲೂ `cf-ray` ಎಂಬ ಹೆಡರ್ ಇರುತ್ತದೆ, ಅದರ ಕೊನೆಯ ಮೂರಕ್ಷರ ಆ ಕೋರಿಕೆ ಹಾದುಹೋದ ಊರಿನ ವಿಮಾನ ನಿಲ್ದಾಣದ ಗುರುತು. ಬೆಂಗಳೂರಾದರೆ `BLR`, ಚೆನ್ನೈ ಆದರೆ `MAA`, ಮುಂಬೈ ಆದರೆ `BOM`. ದೂರುಗಳೆಲ್ಲ ಒಂದೇ ಗುರುತಿನಿಂದ ಬರುತ್ತಿದ್ದು, ಬೇರೆ ಊರಿನವರಿಗೆ ತಾಣ ತೆರೆಯುತ್ತಿದ್ದರೆ ಸರ್ವರ್ ಸತ್ತಿಲ್ಲ ಎಂದು ಧೈರ್ಯವಾಗಿ ಹೇಳಬಹುದು. ತನ್ನ ಐಪಿ ವಲಯಗಳ ಪಟ್ಟಿಯನ್ನು ಕ್ಲೌಡ್‌ಫ್ಲೇರ್ ಬಹಿರಂಗವಾಗಿಯೇ ಇಟ್ಟಿದೆ. ಅವನ್ನು ಫೈರ್‌ವಾಲ್‌ನಲ್ಲಿ ಒಪ್ಪಿಸಿ, ಓದುಗರ ಅಸಲಿ ಐಪಿಯನ್ನು `CF-Connecting-IP` ಹೆಡರ್‌ನಿಂದ ಓದುವಂತೆ ಸರ್ವರ್‌ಗೆ ಹೇಳಿಕೊಟ್ಟರೆ ಈ ಕಾಟ ತಪ್ಪುತ್ತದೆ.

ಬಾಗಿಲು ತೆರೆದ ಮೇಲೆ ಗುರುತು ಕೇಳುವ ಹಂತ. ಗೂಢಲಿಪಿಯಲ್ಲಿ ಮಾತಾಡುವ ಕರಾರೇ ಕುದುರದಿದ್ದರೆ 525, ಕರಾರು ಕುದುರಿದರೂ ತೋರಿಸಿದ ಪ್ರಮಾಣಪತ್ರ ಹಳತಾಗಿದ್ದರೆ ಅಥವಾ ಬೇರೆ ಹೆಸರಿನದಾಗಿದ್ದರೆ 526. ಎರಡನೆಯದು ಬರುವುದು ಪ್ರಮಾಣಪತ್ರವನ್ನು ಕಟ್ಟುನಿಟ್ಟಾಗಿ ಪರೀಕ್ಷಿಸುವ `Full (strict)` ವಿಧಾನ ಆರಿಸಿಕೊಂಡವರಿಗೆ ಮಾತ್ರ. ಇಲ್ಲೊಂದು ಮೋಸವಿದೆ. ಓದುಗರ ಬ್ರೌಸರ್‌ಗೆ ಕಾಣುವುದು ಸಿಡಿಎನ್‌ನ ಪ್ರಮಾಣಪತ್ರ, ಆದ್ದರಿಂದ ವಿಳಾಸಪಟ್ಟಿಯ ಬೀಗದ ಚಿತ್ರ ಗಟ್ಟಿಯಾಗಿಯೇ ಇರುತ್ತದೆ. ಹಿಂದಿನ ಸರ್ವರ್‌ನಲ್ಲಿರುವ 90 ದಿನಗಳ ಲೆಟ್ಸ್ ಎನ್‌ಕ್ರಿಪ್ಟ್ ಪ್ರಮಾಣಪತ್ರ ತಾನಾಗಿ ನವೀಕರಣವಾಗದೆ ಹೋದರೆ ಅದು ಹೊರಗಿನವರಿಗೆ ತಿಳಿಯುವುದು ಅವಧಿ ಮುಗಿದು 526 ಬಿದ್ದ ದಿನವೇ.

ಎಲ್ಲ ದಾಟಿ ಜಗಲಿಯ ಮೇಲೆ ಕೂತಾಯಿತು, ಕೇಳಬೇಕಾದದ್ದನ್ನು ಕೇಳಿಯೂ ಆಯಿತು. ಒಳಗೆ ಹೋದವರು ಹೊರಗೆ ಬರಲೇ ಇಲ್ಲ. ಇದು 524. ಈ ಕಾಯುವಿಕೆಯ ಮಿತಿ ಬಹುಕಾಲ 100 ಸೆಕೆಂಡು ಎಂದೇ ಹೆಸರಾಗಿತ್ತು, ಈಗ ಎರಡು ನಿಮಿಷದ ಹತ್ತಿರಕ್ಕೆ ಬಂದಿದೆ. ದೊಡ್ಡ ಸಂಸ್ಥೆಗಳ ದುಬಾರಿ ಯೋಜನೆಯಲ್ಲಿ ಮಾತ್ರ ಅದನ್ನು ಹಿಗ್ಗಿಸಬಹುದು. 522ಕ್ಕೂ 524ಕ್ಕೂ ಇರುವ ಅಂತರವನ್ನು ಸರಿಯಾಗಿ ಹಿಡಿದುಕೊಂಡವರಿಗೆ ಅರ್ಧ ಕೆಲಸ ಮುಗಿದಂತೆ. 522 ಬಂದರೆ ಜಾಲ ಮತ್ತು ಫೈರ್‌ವಾಲ್ ಕಡೆ ನೋಡಬೇಕು. 524 ಬಂದರೆ ಜಾಲ ಸರಿಯಿದೆ, ಬಾಗಿಲು ತೆರೆದಿದೆ, ಗುರುತೂ ಒಪ್ಪಿಗೆಯಾಗಿದೆ, ನಿಧಾನ ಇರುವುದು ಒಳಗಿನ ಪ್ರೋಗ್ರಾಂ ಅಥವಾ ಡೇಟಾಬೇಸ್‌ನಲ್ಲಿ. 524 ಬಂದಾಗ ಫೈರ್‌ವಾಲ್ ತಿದ್ದಲು ಕೂರುವುದು ಹೊಟ್ಟೆನೋವಿಗೆ ಕನ್ನಡಕ ಬದಲಿಸಿದಂತೆ.

ಒಂದು ಪ್ರಕರಣವನ್ನು ಹತ್ತಿರದಿಂದ ನೋಡಬಹುದು. ಒಂದು ಕಾಲೇಜಿನ ಜಾಲತಾಣ ಎಂದಿಟ್ಟುಕೊಂಡರೆ, ಮುಂದೆ ಕ್ಲೌಡ್‌ಫ್ಲೇರ್, ಅದರ ಹಿಂದೆ ಒಂದೇ ಯಂತ್ರದಲ್ಲಿ ಎಂಜಿನ್‌ಎಕ್ಸ್, ಪಿಎಚ್‌ಪಿ ಮತ್ತು ಮೈಎಸ್‌ಕ್ಯೂಎಲ್. ಕಚೇರಿಯ ಗುಮಾಸ್ತರು ವರ್ಷದ ಶುಲ್ಕದ ವರದಿ ತೆಗೆಯುವ ಗುಂಡಿ ಒತ್ತುತ್ತಾರೆ. ವರ್ಷದಿಂದ ವರ್ಷಕ್ಕೆ ದಾಖಲೆಗಳು ಬೆಳೆದು ಆ ಲೆಕ್ಕಕ್ಕೆ ಈಗ ಮೂರು ನಿಮಿಷ ಹಿಡಿಯುತ್ತಿದೆ. ಮೊದಲು ಅವರಿಗೆ ಕಂಡದ್ದು 504, ಅದೂ ಸರಿಯಾಗಿ ಒಂದು ನಿಮಿಷಕ್ಕೆ. ಎಂಜಿನ್‌ಎಕ್ಸ್ ಪಿಎಚ್‌ಪಿಗಾಗಿ ಕಾಯುವ ಮಿತಿ, ಯಾರೂ ಮುಟ್ಟದಿದ್ದರೆ, 60 ಸೆಕೆಂಡು. ಈ 504 ಹೇಳಿದ್ದು ಸಿಡಿಎನ್ ಅಲ್ಲ, ಎಂಜಿನ್‌ಎಕ್ಸ್. ಅದರ ದೋಷದ ದಾಖಲೆಯಲ್ಲಿ ಇಂಥ ಸಾಲು ಸಿಗುತ್ತದೆ:

```
upstream timed out (110: Connection timed out)
while reading response header from upstream
```

ತಾಣ ನೋಡಿಕೊಳ್ಳುವವರು ಇದನ್ನು ಓದಿ ಮಿತಿಯನ್ನು ಹಿಗ್ಗಿಸುತ್ತಾರೆ:

```
fastcgi_read_timeout 300s;
```

ಮೂರು ನಿಮಿಷದ ಕೆಲಸಕ್ಕೆ ಐದು ನಿಮಿಷದ ಅವಕಾಶ ಸಿಕ್ಕಿತು ಎಂಬುದು ಅವರ ಲೆಕ್ಕ. ಗುಮಾಸ್ತರು ಮತ್ತೆ ಗುಂಡಿ ಒತ್ತುತ್ತಾರೆ. ಈಗ ಎರಡು ನಿಮಿಷಕ್ಕೆ 524. ದೋಷ ಇದ್ದಲ್ಲೇ ಇದೆ, ಬೇಗ ತಾಳ್ಮೆ ಕಳೆದುಕೊಳ್ಳುವವನು ಮಾತ್ರ ಬದಲಾಗಿದ್ದಾನೆ. ಒಂದರ ಹಿಂದೊಂದು ಕಾಯುವ ಸಾಲಿನಲ್ಲಿ ಎಲ್ಲರಿಗಿಂತ ಮೊದಲು ಎದ್ದು ಹೋದವನ ಸಂಖ್ಯೆಯೇ ಓದುಗರಿಗೆ ಕಾಣುತ್ತದೆ. ಮೊದಲು ಎಂಜಿನ್‌ಎಕ್ಸ್ ಎದ್ದು ಹೋಗಿತ್ತು, ಈಗ ಕ್ಲೌಡ್‌ಫ್ಲೇರ್.

ಈ ಹಂತದಲ್ಲಿ ಮೂಲ ಸರ್ವರ್‌ನ ದಾಖಲೆ ತೆರೆದರೆ ಅಲ್ಲಿ 524 ಎಲ್ಲೂ ಇರುವುದಿಲ್ಲ. ಸಮಯವನ್ನೂ ಬರೆಯುವಂತೆ ಹೊಂದಿಸಿದ ದಾಖಲೆಯಲ್ಲಿ ಕಾಣುವುದು ಇದು:

```
"GET /fees/report?year=2024 HTTP/1.1" 499 0 120.003
```

ಎಂಜಿನ್‌ಎಕ್ಸ್ ಕಣ್ಣಿಗೆ ಕೇಳಿದವನು ಕ್ಲೌಡ್‌ಫ್ಲೇರ್. 120 ಸೆಕೆಂಡಿಗೆ ಅವನು ಎದ್ದು ಹೋದ, ಅದಕ್ಕೇ 499, ಒಂದು ಬೈಟ್ ಕೂಡ ಕಳಿಸಲಾಗಲಿಲ್ಲ. ಈ ಸಂಖ್ಯೆಯನ್ನು ಎಂಜಿನ್‌ಎಕ್ಸ್ ಯಾರಿಗೂ ಕಳುಹಿಸುವುದಿಲ್ಲ, ಕಳುಹಿಸಲು ಎದುರಿಗೆ ಯಾರೂ ಉಳಿದಿರುವುದಿಲ್ಲ. ಅದು ತನ್ನ ಪುಸ್ತಕದಲ್ಲಿ ಬರೆದುಕೊಳ್ಳುವ ಟಿಪ್ಪಣಿ ಮಾತ್ರ. ಅಮೆಜಾನ್‌ನ ಲೋಡ್ ಬ್ಯಾಲೆನ್ಸರ್ ಇದೇ ಸಂಗತಿಗೆ 460 ಎಂದು ಬರೆದುಕೊಳ್ಳುತ್ತದೆ. ಪರದೆಯ ಮೇಲಿನ 524 ‘ಸರ್ವರ್ ಉತ್ತರ ಕೊಡಲಿಲ್ಲ’ ಎಂದು ದೂರುತ್ತದೆ, ದಾಖಲೆಯ 499 ‘ಕೇಳಿದವನು ಕಾಯಲಿಲ್ಲ’ ಎಂದು ದೂರುತ್ತದೆ. ಎರಡೂ ಒಂದೇ ಘಟನೆ. ಆದರೆ 499 ನಾಲ್ಕರ ಕುಟುಂಬದ್ದು, ನಾಲ್ಕೆಂದರೆ ಕೇಳಿದವರ ತಪ್ಪು ಎಂಬುದು ರೂಢಿ. ಹಾಗಾಗಿ ಐದರಿಂದ ಶುರುವಾಗುವ ಸಂಖ್ಯೆಗಳನ್ನು ಮಾತ್ರ ಎಣಿಸಿ ಎಚ್ಚರಿಸುವ ತಂತ್ರಾಂಶ ಇದನ್ನು ಗಮನಿಸದೆ ಬಿಡುತ್ತದೆ, ಸರ್ವರ್ ಕಡೆಯ ಲೆಕ್ಕದಲ್ಲಿ ಆ ದಿನ ದೋಷವೇ ಇರುವುದಿಲ್ಲ. 499ರ ಪಕ್ಕದ ಸಮಯಗಳು ಹೆಚ್ಚೂಕಡಿಮೆ ಒಂದೇ ಆಗಿದ್ದರೆ ಎದ್ದು ಹೋದದ್ದು ಯಂತ್ರದ ಮಿತಿಯಿಂದ. ಎರಡು, ಏಳು, ಮೂವತ್ತು ಎಂದು ಚೆದುರಿದ್ದರೆ ಮನುಷ್ಯರೇ ಬೇಸತ್ತು ಪುಟ ಮುಚ್ಚಿರುತ್ತಾರೆ.

ಕತೆ ಇಲ್ಲಿಗೆ ನಿಲ್ಲುವುದಿಲ್ಲ. ಕ್ಲೌಡ್‌ಫ್ಲೇರ್ ಎದ್ದು ಹೋಯಿತು, ಎಂಜಿನ್‌ಎಕ್ಸ್ ಕೈಬಿಟ್ಟಿತು, ಆದರೆ ಪಿಎಚ್‌ಪಿಗೆ ಅದು ಗೊತ್ತಾಗುವುದು ತಾನು ಏನಾದರೂ ಹೊರಗೆ ಬರೆಯಲು ಹೊರಟಾಗಲೇ. ಅಲ್ಲಿಯವರೆಗೆ ಅದು ಡೇಟಾಬೇಸ್ ಕೊಡುವ ಉತ್ತರಕ್ಕೆ ಕಾಯುತ್ತಲೇ ಇರುತ್ತದೆ. ಪಿಎಚ್‌ಪಿಗೂ `max_execution_time` ಎಂಬ ಮಿತಿ ಇದೆಯಲ್ಲ ಎಂದರೆ, ಲಿನಕ್ಸ್‌ನಲ್ಲಿ ಡೇಟಾಬೇಸ್‌ಗಾಗಿ ಕಾದ ಹೊತ್ತು ಆ ಲೆಕ್ಕಕ್ಕೆ ಬರುವುದಿಲ್ಲ. ಈ ನಡುವೆ ಗುಮಾಸ್ತರು 524 ಕಂಡು ಪುಟವನ್ನು ರಿಫ್ರೆಶ್ ಮಾಡುತ್ತಾರೆ. ಹಳೆಯ ಲೆಕ್ಕ ಮುಗಿದಿಲ್ಲ, ಅದರ ಪಕ್ಕದಲ್ಲೇ ಅದೇ ಲೆಕ್ಕ ಹೊಸದಾಗಿ ಶುರು. ಪಿಎಚ್‌ಪಿಯ ಕೆಲಸಗಾರ ಪ್ರಕ್ರಿಯೆಗಳ ಸಂಖ್ಯೆಯನ್ನು ನಿಗದಿ ಮಾಡುವ `pm.max_children` ಮಾದರಿ ಕಡತದಲ್ಲಿ 5 ಎಂದಿರುತ್ತದೆ. ಇಬ್ಬರು ಗುಮಾಸ್ತರು ಎರಡೆರಡು ಸಲ ಮತ್ತೆ ಒತ್ತಿದರೆ ಐವರೂ ಕೆಲಸಗಾರರು ವರದಿಯಲ್ಲೇ ಮುಳುಗುತ್ತಾರೆ. ಈಗ ಪ್ರವೇಶದ ಅರ್ಜಿ ನೋಡಲು ಬಂದ ವಿದ್ಯಾರ್ಥಿಯ ಪುಟವೂ ಸರದಿಯಲ್ಲಿ ನಿಲ್ಲುತ್ತದೆ, ಅವನಿಗೂ 524.

ತಾಣ ಪೂರ್ತಿ ಬಿದ್ದಿದೆ ಎಂಬ ಗಲಾಟೆ ಏಳುವುದು ಆಗ. ಬಿದ್ದಿಲ್ಲ ಎಂದು ತೋರಿಸುವ ಗುರುತು ಇದ್ದೇ ಇದೆ: ಕಾಲೇಜಿನ ಲಾಂಛನದ ಚಿತ್ರ, ಪಿಡಿಎಫ್ ಸುತ್ತೋಲೆ ಮುಂತಾದವನ್ನು ಎಂಜಿನ್‌ಎಕ್ಸ್ ಪಿಎಚ್‌ಪಿಯ ಹಂಗಿಲ್ಲದೆ ಕೊಡುತ್ತದೆ, ಅವನ್ನು ಸಿಡಿಎನ್ ದಾಟಿ ನೇರವಾಗಿ ಕೇಳಿದರೂ ತಕ್ಷಣ ಬರುತ್ತವೆ. ಪಿಎಚ್‌ಪಿ ಪುಟಗಳು ಮಾತ್ರ ತೂಗುತ್ತವೆ. ಹೀಗಿದ್ದರೆ ದೋಷ ಕೆಲಸಗಾರರ ಕೊರತೆಯದು. ಸರ್ವರ್ ಮರುಚಾಲನೆ ಮಾಡಿದರೆ ಎಲ್ಲ ಸರಿಹೋದಂತೆ ಕಾಣುತ್ತದೆ, ಮುಂದಿನ ವರದಿಯವರೆಗೆ. ನಿಜವಾದ ಪರಿಹಾರ ಎರಡು. ಡೇಟಾಬೇಸ್‌ನಲ್ಲಿ ತಕ್ಕ ಇಂಡೆಕ್ಸ್ ಹಾಕಿ ಲೆಕ್ಕವನ್ನು ಚುರುಕುಗೊಳಿಸುವುದು ಒಂದು. ಗುಂಡಿ ಒತ್ತಿದ ತಕ್ಷಣ ‘ವರದಿ ತಯಾರಾಗುತ್ತಿದೆ’ ಎಂದು ಉತ್ತರ ಕೊಟ್ಟು, ಲೆಕ್ಕವನ್ನು ಹಿನ್ನೆಲೆಯಲ್ಲಿ ನಡೆಸಿ, ಮುಗಿದ ಮೇಲೆ ಕಡತದ ಕೊಂಡಿ ತೋರಿಸುವುದು ಇನ್ನೊಂದು. ಕಾಯುವ ಮಿತಿಗಳನ್ನು ಹಿಗ್ಗಿಸುತ್ತಾ ಹೋಗುವುದು ಪರಿಹಾರವಲ್ಲ.

ಸಾಲಿನ ಮೊದಲ ಸಂಖ್ಯೆಯಾದ 520 ಕೊನೆಗೆ ಉಳಿಯಿತು, ಏಕೆಂದರೆ ಅದು ಉಳಿದುದಕ್ಕೆಲ್ಲ ಒಂದು ಚೀಲ. ಬಾಗಿಲು ತೆರೆಯಿತು, ಉತ್ತರವೂ ಬಂದಂತಾಯಿತು, ಆದರೆ ಅದು ಅರ್ಥವಾಗುವ ಉತ್ತರವಲ್ಲ. ಮೂಲ ಸರ್ವರ್ ಏನೂ ಹೇಳದೆ ಸಂಪರ್ಕ ಮುಚ್ಚಿರಬಹುದು, ಮಾತಿನ ನಡುವೆ ಪ್ರೋಗ್ರಾಂ ಸತ್ತಿರಬಹುದು, ಮಿತಿ ಮೀರಿದ ಕುಕಿಗಳಿಂದ ಹೆಡರ್ ಉಬ್ಬಿರಬಹುದು. ಕೆಲವೊಮ್ಮೆ ಬೇಕೆಂದೇ ಮಾಡಿದ್ದೂ ಆಗಿರುತ್ತದೆ. ಎಂಜಿನ್‌ಎಕ್ಸ್‌ನಲ್ಲಿ `return 444;` ಎಂದು ಬರೆದರೆ ಅದು ಉತ್ತರ ಕೊಡದೆ ಬಾಗಿಲು ಹಾಕಿಕೊಂಡು, ದಾಖಲೆಯಲ್ಲಿ 444 ಎಂದು ಬರೆದುಕೊಳ್ಳುತ್ತದೆ. ಪುಂಡು ಬಾಟ್‌ಗಳಿಗೆಂದು ಬರೆದ ಆ ನಿಯಮಕ್ಕೆ ಒಬ್ಬ ಸಭ್ಯ ಓದುಗ ಸಿಕ್ಕಿಬಿದ್ದರೆ, ಸಿಡಿಎನ್ ಅವನಿಗೆ ತೋರಿಸುವುದು 520.

ಆಗೊಮ್ಮೆ ಈಗೊಮ್ಮೆ ಮಾತ್ರ ಬಂದು ಹೋಗುವ 520 ಎಲ್ಲಕ್ಕಿಂತ ಹೆಚ್ಚು ಕಾಡುತ್ತದೆ. ಅದರ ಹಿಂದಿನ ಒಂದು ಕಾರಣ ಬಲು ಸಣ್ಣದು. ಪ್ರತಿ ಕೋರಿಕೆಗೂ ಹೊಸದಾಗಿ ಬಾಗಿಲು ತಟ್ಟುವುದು ದಂಡ ಎಂದು ಪ್ರಾಕ್ಸಿ ಒಮ್ಮೆ ತೆರೆದ ಸಂಪರ್ಕವನ್ನು ಮುಂದಿನ ಕೋರಿಕೆಗೂ ಇಟ್ಟುಕೊಳ್ಳುತ್ತದೆ. ಮೂಲ ಸರ್ವರ್ ಮಾತ್ರ ಖಾಲಿ ಕೂತ ಸಂಪರ್ಕವನ್ನು ಸ್ವಲ್ಪ ಹೊತ್ತಿನಲ್ಲೇ ಮುಚ್ಚಿಬಿಡುತ್ತದೆ. ಅಪಾಚೆಯ ರೂಢಿಯ ಮಿತಿ 5 ಸೆಕೆಂಡು, ನೋಡ್ ಜೆಎಸ್‌ನಲ್ಲಿಯೂ ಬಹುಕಾಲದ ಮಿತಿ ಅಷ್ಟೇ. ಐದನೇ ಸೆಕೆಂಡಿಗೆ ಸರ್ವರ್ ಬಾಗಿಲು ಎಳೆಯುವ ಕ್ಷಣದಲ್ಲೇ ಪ್ರಾಕ್ಸಿ ಹೊಸ ಕೋರಿಕೆಯನ್ನು ಒಳಗೆ ತಳ್ಳಿದರೆ ಉತ್ತರದ ಬದಲು ಸಂಪರ್ಕ ಕಡಿದ ಸೂಚನೆ ವಾಪಸ್ ಬರುತ್ತದೆ. ಪುಟ ಓದುವ ಕೋರಿಕೆಯಾದರೆ ಮತ್ತೊಮ್ಮೆ ಕೇಳಬಹುದು. ಹಣ ಕಟ್ಟುವ ಫಾರ್ಮ್ ಆಗಿದ್ದರೆ ಎರಡನೇ ಸಲ ಕಳಿಸುವುದು ಅಪಾಯ, ಅದಕ್ಕೇ ಪ್ರಾಕ್ಸಿ ದೋಷ ತೋರಿಸಿ ಸುಮ್ಮನಾಗುತ್ತದೆ. ಇದೇ ಘಟನೆ ಅಮೆಜಾನ್‌ನ ಲೋಡ್ ಬ್ಯಾಲೆನ್ಸರ್ ಹಿಂದೆ ನಡೆದರೆ ಅದು ಹೇಳುವುದು 502. ಅದರ ಸ್ವಂತ ಮಿತಿ 60 ಸೆಕೆಂಡು, ಹಾಗಾಗಿ ಹಿಂದಿನ ನೋಡ್ ಸರ್ವರ್‌ನ ಮಿತಿಯನ್ನು 65ಕ್ಕೆ ಏರಿಸುವುದು ವಾಡಿಕೆ. ಬಾಗಿಲು ಮುಚ್ಚುವ ಹಕ್ಕು ಮುಂದಿನವನಿಗೆ ಇರಬೇಕು, ಹಿಂದಿನವನು ಅವನಿಗಿಂತ ಸ್ವಲ್ಪ ಹೆಚ್ಚು ಹೊತ್ತು ತೆರೆದಿಟ್ಟಿರಬೇಕು.

ಸಂಖ್ಯೆ ಹೇಳಿದ್ದು ನಿಜವೇ ಎಂದು ಪರೀಕ್ಷಿಸಲು ಸಿಡಿಎನ್ ಹೋದ ದಾರಿಯಲ್ಲೇ ತಾನೂ ಹೋಗಿ ನೋಡುವ ಉಪಾಯವಿದೆ. `curl` ಎಂಬ ಆದೇಶಕ್ಕೆ ಮೂಲ ಸರ್ವರ್‌ನ ಐಪಿಯನ್ನು ಕೈಯಾರೆ ಕೊಟ್ಟರೆ ಅದು ಸಿಡಿಎನ್ ಬಿಟ್ಟು ನೇರವಾಗಿ ಅಲ್ಲಿಗೇ ಹೋಗುತ್ತದೆ:

```
curl -sv -o /dev/null --max-time 300 \
  --resolve college.example:443:203.0.113.10 \
  https://college.example/fees/report
echo $?
```

ಕೊನೆಯ ಸಾಲು ತೋರಿಸುವುದು `curl` ಹೇಗೆ ಮುಗಿಯಿತು ಎಂಬ ಅದರದೇ ಸಂಖ್ಯೆ. 7 ಬಂದರೆ ಸಂಪರ್ಕ ನಿರಾಕರಣೆ, ಅದು 521ರ ಜೋಡಿ. 28 ಬಂದರೆ ಸಮಯ ಮೀರಿದೆ. ಸಂಪರ್ಕವೇ ಆಗದೆ ಮೀರಿದ್ದರೆ 522ರ ಕಡೆ, ಸಂಪರ್ಕವಾಗಿ ಉತ್ತರ ಬಾರದೆ ಮೀರಿದ್ದರೆ 524ರ ಕಡೆ. 52 ಎಂದರೆ ಖಾಲಿ ಉತ್ತರ, ಅದು 520. 35 ಬಂದರೆ 525, 60 ಬಂದರೆ 526. ಎರಡು ಎಚ್ಚರಿಕೆ ಬೇಕು. ಸಿಡಿಎನ್‌ಗೆಂದೇ ಕ್ಲೌಡ್‌ಫ್ಲೇರ್ ಕೊಟ್ಟ ಪ್ರಮಾಣಪತ್ರವನ್ನು ಸರ್ವರ್‌ನಲ್ಲಿ ಹಾಕಿದ್ದರೆ, ಅದನ್ನು `curl` ನಂಬುವುದಿಲ್ಲ, ದೋಷವಿಲ್ಲದಿದ್ದರೂ 60 ಎನ್ನುತ್ತದೆ. ಎರಡನೆಯದಾಗಿ, ಫೈರ್‌ವಾಲ್ ತಡೆದಿರುವುದು ಸಿಡಿಎನ್ ಐಪಿಯನ್ನು, ಪರೀಕ್ಷಿಸುವವರ ಐಪಿಯನ್ನಲ್ಲ. ‘ನಮ್ಮಲ್ಲಿ ತೆರೆಯುತ್ತಿದೆಯಲ್ಲ’ ಎಂಬ ಮಾತು 521, 522ರ ವಿಷಯದಲ್ಲಿ ಏನನ್ನೂ ಸಾಬೀತು ಮಾಡುವುದಿಲ್ಲ. ಹಾಗೆ ತೆರೆದರೆ ಅನುಮಾನ ಫೈರ್‌ವಾಲ್ ಮೇಲೆಯೇ ಹೆಚ್ಚಬೇಕು.

ದೋಷದ ಪುಟದ ಮೇಲೆ ಸಿಡಿಎನ್ ಹೆಸರು ಇರುವುದರಿಂದ ತಪ್ಪು ಅದರದೇ ಎಂದು ಬಹಳ ಜನ ತಿಳಿಯುತ್ತಾರೆ. 520ರಿಂದ 526ರವರೆಗಿನ ಸಂಖ್ಯೆಗಳಲ್ಲಿ ಬಹುಪಾಲು ಸಲ ತಪ್ಪು ಮೂಲ ಸರ್ವರ್ ಅಥವಾ ಅದರ ಸುತ್ತಲಿನದು. ಸಿಡಿಎನ್ ಅದನ್ನು ವರದಿ ಮಾಡಿದೆ ಅಷ್ಟೇ. ಸಿಡಿಎನ್ ತಾನೇ ಎಡವಿದಾಗ ಬರುವುದು ಹೆಚ್ಚಾಗಿ ಒಪ್ಪಿತ ಸಂಖ್ಯೆಗಳೇ. 2019ರ ಜುಲೈ 2ರಂದು ಒಂದು ಕೆಟ್ಟ ರೆಗ್ಯುಲರ್ ಎಕ್ಸ್‌ಪ್ರೆಶನ್ ಕ್ಲೌಡ್‌ಫ್ಲೇರ್‌ನ ಯಂತ್ರಗಳ ಶಕ್ತಿಯನ್ನೆಲ್ಲ ಹೀರಿಕೊಂಡಾಗ ಲೋಕವೆಲ್ಲ 502 ಕಂಡಿತು. 2025ರ ನವೆಂಬರ್ 18ರ ಸಂಜೆ, ಭಾರತದ ಸಮಯ ಸುಮಾರು 4.50ಕ್ಕೆ, ಬಾಟ್ ಪತ್ತೆಗೆ ಬಳಸುವ ಒಂದು ಕಡತ ಇದ್ದಕ್ಕಿದ್ದಂತೆ ಎರಡರಷ್ಟು ದೊಡ್ಡದಾಗಿ ಅದರ ಪ್ರಾಕ್ಸಿ ತಂತ್ರಾಂಶ ಕುಸಿದಾಗ ಜನರಿಗೆ ಕಂಡದ್ದು 500. ಆ ಪುಟದಲ್ಲಿ ಬ್ರೌಸರ್, ಕ್ಲೌಡ್‌ಫ್ಲೇರ್, ಹೋಸ್ಟ್ ಎಂಬ ಮೂರು ಚಿತ್ರಗಳು ಸಾಲಾಗಿರುತ್ತವೆ. ಅಂದು ಕೆಂಪು ಗುರುತು ಬಿದ್ದಿದ್ದು ನಡುವಿನ ಚಿತ್ರಕ್ಕೆ. 522, 524 ಬಂದ ದಿನ ಅದು ಬಲತುದಿಯ ಹೋಸ್ಟ್ ಮೇಲೆ ಇರುತ್ತದೆ.

ಇಂಥ ಪುಟ ಎದುರಾದ ಓದುಗರು ಬ್ರೌಸರ್‌ನ ಕ್ಯಾಶೆ ಅಳಿಸುವುದರಿಂದ, ಮೋಡೆಮ್ ಆರಿಸಿ ಹಚ್ಚುವುದರಿಂದ ಏನೂ ಆಗದು, ಅವರ ಕಡೆಯ ಸಂಪರ್ಕ ಸರಿಯಾಗಿಯೇ ಇದೆ. ಹಣ ಕಟ್ಟುವಾಗ 520 ಅಥವಾ 524 ಬಂದಿದ್ದರೆ ಮತ್ತೆ ಗುಂಡಿ ಒತ್ತುವ ಮೊದಲು ಖಾತೆಯಿಂದ ಹಣ ಕಡಿತವಾಗಿದೆಯೇ ಎಂದು ನೋಡಿಕೊಳ್ಳಬೇಕು, ಕೋರಿಕೆ ಒಳಗೆ ತಲುಪಿ ಕೆಲಸ ಮುಗಿದಿರುವ ಸಾಧ್ಯತೆ ಇರುತ್ತದೆ. ತಾಣದವರಿಗೆ ದೂರು ಬರೆಯುವಾಗ ‘ಓಪನ್ ಆಗ್ತಿಲ್ಲ’ ಎಂದಷ್ಟೇ ಹೇಳದೆ, ಪುಟದ ಮೇಲಿನ ಸಂಖ್ಯೆ, ಗಡಿಯಾರದ ಸಮಯ ಮತ್ತು ಪುಟದ ಕೆಳತುದಿಯಲ್ಲಿ ಸಣ್ಣಕ್ಷರದಲ್ಲಿರುವ `Ray ID` ಈ ಮೂರನ್ನೂ ಕಳುಹಿಸಿ.